ಮೂರು ದಾರಗಳ ನಡುವಿನ ಉಂಗುರ

ಕೆಲವು ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಫೋರ್ಸ್ ಟೇಬಲ್ ಎಂಬ ಸಾಧನವಿರುತ್ತದೆ. ಕಾಲಿನ ಮೇಲೆ ಮಟ್ಟವಾಗಿ ಕೂತ ಲೋಹದ ದುಂಡು ಹಲಗೆ ಅದು. ಅಂಚಿನ ಸುತ್ತ 0ಯಿಂದ 360ರವರೆಗೆ ಡಿಗ್ರಿಯ ಗೆರೆಗಳನ್ನು ಕೊರೆದಿರುತ್ತಾರೆ. ನಟ್ಟ ನಡುವೆ ಒಂದು ಮೊಳೆ, ಮೊಳೆಯ ಸುತ್ತ ಸಡಿಲವಾಗಿ ಒಂದು ಉಂಗುರ. ಉಂಗುರಕ್ಕೆ ಕಟ್ಟಿದ ದಾರಗಳು ಅಂಚಿನಲ್ಲಿರುವ ಪುಟ್ಟ ರಾಟೆಗಳ ಮೇಲೆ ಹಾದು ಕೆಳಕ್ಕೆ ಇಳಿಯುತ್ತವೆ. ಅವುಗಳ ತುದಿಗೆ ತೂಕದ ಬಟ್ಟುಗಳನ್ನು ತೂಗುಹಾಕುತ್ತಾರೆ. ರಾಟೆಯನ್ನು ಯಾವ ಗೆರೆಗೆ ಸರಿಸಿದರೆ ಎಳೆತ ಆ ದಿಕ್ಕಿಗೆ.

ಈಗ 20 ಡಿಗ್ರಿಯಲ್ಲಿ 100 ಗ್ರಾಂ, 140 ಡಿಗ್ರಿಯಲ್ಲಿ 120 ಗ್ರಾಂ, 200 ಡಿಗ್ರಿಯಲ್ಲಿ 80 ಗ್ರಾಂ ತೂಗಿಬಿಟ್ಟಿದ್ದೇವೆ ಎನ್ನೋಣ. ಈ ಮೂರನ್ನೂ ಬಿಚ್ಚಿ ಒಂದೇ ದಾರ ಕಟ್ಟಿದರೆ, ಅದು ಎಷ್ಟು ತೂಕದಿಂದ, ಯಾವ ದಿಕ್ಕಿಗೆ ಎಳೆದರೆ ಉಂಗುರಕ್ಕೆ ವ್ಯತ್ಯಾಸವೇ ತಿಳಿಯದು? ಆ ಒಂದು ಎಳೆತದ ಹೆಸರು ಫಲಿತ ಬಲ. ಮೂರನ್ನೂ ಕೂಡಿ 300 ಎನ್ನುವಂತಿಲ್ಲ. ಒಂದು ದಾರ ಗಳಿಸಿದ್ದನ್ನು ಇನ್ನೊಂದು ತನ್ನ ಕಡೆಗೆ ಕಿತ್ತುಕೊಳ್ಳುತ್ತಿದೆ.

ದಿಕ್ಕು ಬೇರೆಬೇರೆಯಾದಾಗ ಕೂಡುವುದು ಹೇಗೆ ಎಂಬುದಕ್ಕೆ ಹೊಲದ ಬದುವಿನ ಮೇಲೆ ನಡೆಯುವವರನ್ನು ನೆನೆಯಬಹುದು. ಒಬ್ಬ ಹೊಲದ ಮಧ್ಯೆ ಓರೆಯಾಗಿ, ಪೂರ್ವದಿಂದ 20 ಡಿಗ್ರಿ ಉತ್ತರಕ್ಕೆ ವಾಲಿ, 100 ಮೀಟರ್ ನಡೆದ. ಇನ್ನೊಬ್ಬ ಪೈರು ತುಳಿಯಬಾರದೆಂದು ಬದುವಿನ ಮೇಲೆಯೇ ಪೂರ್ವಕ್ಕೆ 94 ಮೀಟರ್ ಹೋಗಿ, ತಿರುಗಿ ಉತ್ತರಕ್ಕೆ 34.2 ಮೀಟರ್ ನಡೆದ. ಇಬ್ಬರೂ ಸೇರಿದ್ದು ಒಂದೇ ಜಾಗಕ್ಕೆ. ಹೊರಟ ಜಾಗದಿಂದ ಸೇರಿದ ಜಾಗಕ್ಕೆ ಎಳೆದ ನೇರ ಗೆರೆಗೆ ಸ್ಥಾನಪಲ್ಲಟ ಎನ್ನುತ್ತಾರೆ, ಇಬ್ಬರದೂ ಅದೇ. ಓರೆ ದಾರಿಯಿಂದ ಒಡೆದು ತೆಗೆದ ಆ 94 ಮತ್ತು 34.2 ಅದರ ಘಟಕಗಳು.

ಒಡೆಯುವ ಅಳತೆಗೋಲು ಕೊಸೈನ್ ಮತ್ತು ಸೈನ್. 20 ಡಿಗ್ರಿಯ ಕೊಸೈನ್ 0.940, ಅಂದರೆ ಆ ಓರೆಯಲ್ಲಿ ನಡೆದ ಪ್ರತಿ ಮೀಟರಿಗೆ ಪೂರ್ವದ ಪಾಲು 0.940. ಸೈನ್ 0.342, ಅದು ಉತ್ತರದ ಪಾಲು. ಎರಡು ಪಾಲು ಸೇರಿದರೆ 100 ದಾಟುತ್ತದಲ್ಲ ಎಂದು ಮೊದಲ ಸಲ ನೋಡುವವರು ಬೆಚ್ಚುವುದುಂಟು. ಇವು ಲಂಬಕೋನ ತ್ರಿಭುಜದ ಎರಡು ಬಾಹುಗಳು. ಇಲ್ಲಿ ಕೂಡಬೇಕಾದದ್ದು ವರ್ಗಗಳನ್ನು. 94ರ ವರ್ಗಕ್ಕೆ 34.2ರ ವರ್ಗ ಸೇರಿಸಿದರೆ ಹೆಚ್ಚುಕಡಿಮೆ 100ರ ವರ್ಗವೇ ಬರುತ್ತದೆ.

ಬಲಗಳೂ ಇದೇ ನಿಯಮಕ್ಕೆ ಬಗ್ಗುತ್ತವೆ ಎಂಬುದು ನೋಡಿದೊಡನೆ ಹೊಳೆಯುವ ಸಂಗತಿಯಲ್ಲ. ನ್ಯೂಟನ್ 1687ರ ಪ್ರಿನ್ಸಿಪಿಯಾದಲ್ಲಿ ಚಲನೆಯ ಮೂರು ನಿಯಮಗಳನ್ನು ಹೇಳಿದ ಕೂಡಲೇ, ಬಲಗಳನ್ನು ಸೇರಿಸುವ ಮತ್ತು ಒಡೆಯುವ ಈ ಕ್ರಮವನ್ನು ಅವುಗಳಿಂದ ಹೊರಡುವ ಮೊದಲ ಫಲಗಳಾಗಿ ಇಟ್ಟ.

ಮೂರು ದಾರಗಳಿಗೆ ಮರಳೋಣ. 0 ಗೆರೆಯನ್ನು ಪೂರ್ವ, 90 ಅನ್ನು ಉತ್ತರ ಎಂದುಕೊಳ್ಳಿ. ಮೊದಲ ದಾರ ಪೂರ್ವಕ್ಕೆ 94.0, ಉತ್ತರಕ್ಕೆ 34.2 ಎಳೆಯುತ್ತದೆ. ಎರಡನೆಯದು ಪಶ್ಚಿಮಕ್ಕೆ ವಾಲಿದೆ, ಅಲ್ಲಿಂದ 40 ಡಿಗ್ರಿ ಮೇಲೆ: ಪಶ್ಚಿಮಕ್ಕೆ 91.9, ಉತ್ತರಕ್ಕೆ 77.1. ಮೂರನೆಯದು ಪಶ್ಚಿಮದಿಂದ 20 ಡಿಗ್ರಿ ಕೆಳಗೆ: ಪಶ್ಚಿಮಕ್ಕೆ 75.2, ದಕ್ಷಿಣಕ್ಕೆ 27.4. ಒಡೆಯುವ ಕೆಲಸ ಮುಗಿದ ಮೇಲೆ ಪೂರ್ವ–ಪಶ್ಚಿಮದ ಲೆಕ್ಕ ಒಂದು ಗೆರೆಯ ಮೇಲಿನ ಜಮಾ–ಖರ್ಚಷ್ಟೆ. 94.0ರಲ್ಲಿ 91.9 ಮತ್ತು 75.2 ಕಳೆದರೆ ಪಶ್ಚಿಮಕ್ಕೆ 73.1 ಉಳಿಯಿತು. ಉತ್ತರದಲ್ಲಿ 34.2 ಮತ್ತು 77.1 ಕೂಡಿ 27.4 ಕಳೆದರೆ 83.9. ಇವೆರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 111. ಮುನ್ನೂರು ಗ್ರಾಂ ತೂಕ ನೇತಾಡುತ್ತಿದ್ದರೂ ಉಂಗುರದ ಮೇಲೆ ಉಳಿದ ಎಳೆತ 111 ಗ್ರಾಂನಷ್ಟು. ನ್ಯೂಟನ್ ಮಾನದಲ್ಲಿ ಬೇಕಾದರೆ ಗ್ರಾಂ ಅನ್ನು ಕಿಲೋಗ್ರಾಂ ಮಾಡಿ 9.8ರಿಂದ ಗುಣಿಸಬೇಕು, ಸುಮಾರು 1.09 ನ್ಯೂಟನ್.

ದಿಕ್ಕು ಹುಡುಕುವಲ್ಲಿ ಎಚ್ಚರ ಬೇಕು. ಉತ್ತರದ 83.9 ಅನ್ನು ಪೂರ್ವದ ಋಣ 73.1ರಿಂದ ಭಾಗಿಸಿ ಕ್ಯಾಲ್ಕುಲೇಟರಿನಲ್ಲಿ ವಿಲೋಮ ಟ್ಯಾನ್ ಒತ್ತಿದರೆ ಋಣ 49 ಡಿಗ್ರಿ ಎಂದು ತೋರಿಸುತ್ತದೆ. ಅದು ಆಗ್ನೇಯ ದಿಕ್ಕು. ನಮ್ಮ ಘಟಕಗಳು ಹೇಳುತ್ತಿರುವುದು ಪಶ್ಚಿಮ ಮತ್ತು ಉತ್ತರ, ಅಂದರೆ ವಾಯವ್ಯ. ಒಂದನ್ನೊಂದು ಭಾಗಿಸಿದಾಗ ಋಣ ಚಿಹ್ನೆ ಯಾವ ಸಂಖ್ಯೆಯದಾಗಿತ್ತು ಎಂಬ ಗುರುತು ಅಳಿಸಿಹೋಗುತ್ತದೆ. ಕ್ಯಾಲ್ಕುಲೇಟರಿಗೆ ಅದನ್ನು ತಿಳಿಯುವ ದಾರಿಯಿಲ್ಲ. ಆದ್ದರಿಂದ ಪಳಗಿದವರು ಮೊದಲು ಚಿತ್ರ ಬರೆಯುತ್ತಾರೆ, ಬಾಣ ಯಾವ ಮೂಲೆಗೆ ಮುಖ ಮಾಡಿದೆ ಎಂದು ನೋಡಿಕೊಂಡು 180 ಸೇರಿಸುತ್ತಾರೆ. ಸರಿಯಾದ ದಿಕ್ಕು 131 ಡಿಗ್ರಿ.

ಇದೇ ಲೆಕ್ಕವನ್ನು ಇನ್ನೂ ಹಗುರವಾಗಿ ಮಾಡಬಹುದು, ನನಗೆ ಈ ಕಸುಬಿನಲ್ಲಿ ಎಲ್ಲಕ್ಕಿಂತ ಚಂದ ಕಾಣುವುದು ಈ ಭಾಗ. ಪೂರ್ವ–ಉತ್ತರ ಎಂಬ ಗೆರೆಗಳನ್ನು ಹಾಕಿದವರು ನಾವು. ದಾರಗಳಿಗೆ ಅವುಗಳ ಗೊಡವೆಯಿಲ್ಲ. ಹಾಗಿದ್ದ ಮೇಲೆ ಮೊದಲ ದಾರದ ಉದ್ದಕ್ಕೇ ಅಕ್ಷ ಹಾಕಿದರೆ? 20, 140, 200 ಇದ್ದ ಕೋನಗಳು 0, 120, 180 ಆಗುತ್ತವೆ. ಮೊದಲನೆಯದು ಪೂರ್ತಿ ಅಕ್ಷದ ಮೇಲೆ, 100. ಮೂರನೆಯದು ಪೂರ್ತಿ ಅದಕ್ಕೆ ಎದುರು, 80. ಒಡೆಯಬೇಕಾದದ್ದು ಎರಡನೆಯದು ಮಾತ್ರ: ಹಿಂದಕ್ಕೆ 60, ಅಡ್ಡಕ್ಕೆ 103.9. ಅಕ್ಷದ ಮೇಲೆ 100ರಲ್ಲಿ 80 ಮತ್ತು 60 ಕಳೆದು ಹಿಂದಕ್ಕೆ 40, ಅಡ್ಡಕ್ಕೆ 103.9. ವರ್ಗಮೂಲ ಮತ್ತೆ 111. ಕೋನ ಹೊಸ ಅಕ್ಷದಿಂದ 111 ಡಿಗ್ರಿ, ಅದಕ್ಕೆ ತಿರುಗಿಸಿದ 20 ಸೇರಿಸಿದರೆ 131. ಆರು ಘಟಕಗಳ ಲೆಕ್ಕ ಎರಡಕ್ಕೆ ಇಳಿಯಿತು, ಉತ್ತರ ಕದಲಲಿಲ್ಲ. ಇಳಿಜಾರಿನ ಮೇಲಿಟ್ಟ ಪೆಟ್ಟಿಗೆಯ ಸಮಸ್ಯೆಯಲ್ಲಿ ಅಕ್ಷವನ್ನು ಇಳಿಜಾರಿನ ಉದ್ದಕ್ಕೆ ಹಾಕುವುದೂ ಇದೇ ಕಾರಣಕ್ಕೆ.

ಕಾಗದದ ಉತ್ತರವನ್ನು ಹಲಗೆಯ ಮೇಲೆ ಪರೀಕ್ಷಿಸಬಹುದು. ಫಲಿತ ಬಲ 131ರ ಕಡೆಗಿದ್ದರೆ, ಅದನ್ನು ಸರಿದೂಗಿಸುವ ನಾಲ್ಕನೆಯ ದಾರ ನೇರ ಎದುರಿಗೆ, 311 ಡಿಗ್ರಿಯಲ್ಲಿ ಇರಬೇಕು. ಕ್ಯಾಲ್ಕುಲೇಟರ್ ತೋರಿಸಿದ ಋಣ 49 ಎಂದರೂ 311 ಎಂದರೂ ಒಂದೇ. ನಾವು ಕೇಳದ ಪ್ರಶ್ನೆಗೆ ಅದು ಸರಿಯುತ್ತರ ಕೊಟ್ಟಿತ್ತು. ಅದನ್ನೇ ಫಲಿತ ಬಲವೆಂದು ನಂಬಿ ಅದರ ಎದುರಿಗೆ ತೂಕ ಕಟ್ಟಿದ ವಿದ್ಯಾರ್ಥಿಯ ಉಂಗುರ ವಾಯವ್ಯಕ್ಕೆ ಜಗ್ಗಿ ಮೊಳೆಗೆ ಬಡಿಯುತ್ತದೆ.

ಕಟ್ಟುವಾಗ ಪ್ರತಿ ದಾರವೂ ಉಂಗುರದ ಮೇಲೆ ಜರುಗಿ ನೇರ ಮೊಳೆಯ ಕಡೆಗೆ ಮುಖ ಮಾಡಿದೆಯೇ ನೋಡಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಓದಿದ ಕೋನ ನಿಜವಾದ ಕೋನವಲ್ಲ. ಬಟ್ಟು ಇಡುವ ತಟ್ಟೆಯ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಾಟೆಯ ಘರ್ಷಣೆಯಿಂದಾಗಿ ಒಂದೆರಡು ಗ್ರಾಂ ಹೆಚ್ಚುಕಡಿಮೆಯಾದರೂ ಉಂಗುರ ಅಲುಗದೆ ಕೂರಬಹುದು. ಹಾಗಾಗಿ ಅದನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಮತ್ತೆ ನಡುವಿಗೇ ಮರಳುತ್ತದೆಯೇ ಎಂದು ನೋಡುತ್ತಾರೆ. 311ರಲ್ಲಿ 111 ಗ್ರಾಂ ತೂಗಿಬಿಟ್ಟು ಮೊಳೆಯನ್ನು ಮೇಲಕ್ಕೆ ಎತ್ತಿದರೆ, ನಾಲ್ಕು ದಾರಗಳ ನಡುವೆ ಉಂಗುರ ಇದ್ದಲ್ಲಿಯೇ ನಿಲ್ಲುತ್ತದೆ.