ಒಸಡಿನಂಚಿನ ಕಚ್ಚು

ಎಡಗಡೆಯ ಮೇಲಿನ ಕೋರೆಹಲ್ಲು. ಅದರ ಬುಡದಲ್ಲಿ, ಒಸಡಿಗೆ ತಾಗಿದಂತೆ, ಮರಕ್ಕೆ ಕೊಡಲಿಯಿಂದ ಹಾಕಿದ ಕಚ್ಚಿನಂಥದೇ ಒಂದು ಕಚ್ಚು. ಹಿಂದಿನ ಎರಡು ಹಲ್ಲುಗಳಲ್ಲೂ ಅದೇ ಗೆರೆಯಲ್ಲಿ ಅಂಥವೇ ಎರಡು. ಕುರ್ಚಿಯಲ್ಲಿ ಕೂತಿದ್ದವರು ಅರವತ್ತು ದಾಟಿದ ಮೇಷ್ಟ್ರು. "ಡಾಕ್ಟ್ರೇ, ತಣ್ಣೀರು ಬಾಯಿಗೆ ಹಾಕಿದ್ರೆ ಜುಂ ಅಂತ ನೆತ್ತಿಗೇ ಹತ್ತುತ್ತೆ. ಹುಳುಕೇ ಇರ್ಬೇಕು," ಅಂದರು. ಹುಳುಕಾಗಿದ್ದರೆ ಆ ಜಾಗ ಸಾಮಾನ್ಯವಾಗಿ ಮೆತ್ತಗೆ, ಒರಟಾಗಿ, ಬಣ್ಣಗೆಟ್ಟು ಇರುತ್ತದೆ. ಇವರ ಕಚ್ಚಿನ ಮೇಲೆ ಸಲಾಕೆ ಗಾಜಿನ ಮೇಲೆ ಜಾರಿದಂತೆ ಜಾರಿತು. ಅಷ್ಟು ನುಣುಪು, ಅಷ್ಟು ಹೊಳಪು. ಬಾಯಲ್ಲೆಲ್ಲ ಅತ್ಯಂತ ಶುಭ್ರವಾಗಿದ್ದ ಜಾಗ ಅದೇ.

"ಹಲ್ಲು ಹೇಗೆ ಉಜ್ತೀರಿ ಮೇಷ್ಟ್ರೇ?" ಎಂದು ಕೇಳಿದೆ. "ಚೆನ್ನಾಗಿ ಒತ್ತಿ ಉಜ್ತೀನಿ. ಹಾರ್ಡ್ ಬ್ರಷ್ಷೇ ಬೇಕು ನಂಗೆ, ಮೆತ್ತಗಿರೋದ್ರಲ್ಲಿ ಉಜ್ಜಿದಂಗೇ ಆಗಲ್ಲ," ಅಂದರು. ಬಲಗೈಯವರು. ಬಲಗೈಯಲ್ಲಿ ಬ್ರಷ್ ಹಿಡಿದವರ ಒತ್ತಡ ಎಡಗೆನ್ನೆಯ ಕಡೆ ಹೆಚ್ಚು ಬೀಳುವುದು ಸಾಮಾನ್ಯ. ದವಡೆ ಅಲ್ಲಿ ತಿರುಗುವುದರಿಂದ ಕೋರೆಹಲ್ಲೂ ಅದರ ಹಿಂದಿನ ಎರಡು ಹಲ್ಲುಗಳೂ ತುಸು ಮುಂದಕ್ಕೆ ಉಬ್ಬಿಕೊಂಡಿರುತ್ತವೆ. ಅಡ್ಡಡ್ಡ ಎಳೆದ ಬ್ರಷ್ಷಿಗೆ ಮೊದಲು ಸಿಗುವುದು ಅವೇ.

ಹಲ್ಲಿನ ಹೊರಗವಚ ಎನಾಮಲ್. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಅದರ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ. ಆದರೆ ಅದು ಎಲ್ಲೆಡೆ ಒಂದೇ ದಪ್ಪವಿಲ್ಲ. ಅಗಿಯುವ ತುದಿಯಲ್ಲಿ ಎರಡು ಮಿಲಿಮೀಟರ್‌ಗೂ ಹೆಚ್ಚಿರುವ ಈ ಕವಚ ಬುಡದ ಕಡೆಗೆ ತೆಳುವಾಗುತ್ತ ಬಂದು, ಒಸಡಿನ ಹತ್ತಿರ ಚಾಕುವಿನ ಅಲಗಿನಷ್ಟಾಗಿ ಮುಗಿದೇ ಹೋಗುತ್ತದೆ. ಅಲ್ಲಿಂದ ಕೆಳಗೆ ಬೇರು. ಬೇರಿನ ಮೇಲಿರುವುದು ಸಿಮೆಂಟಮ್ ಎಂಬ ಬಲು ತೆಳುವಾದ ಪದರ, ಅದರೊಳಗೆ ಡೆಂಟಿನ್. ಡೆಂಟಿನ್ ಎನಾಮಲ್‌ಗಿಂತ ಬಹಳ ಮೃದು, ಎಷ್ಟೋ ಪಟ್ಟು ಬೇಗ ಸವೆಯುತ್ತದೆ. ಒಸಡು ತನ್ನ ಜಾಗದಲ್ಲಿ ಇರುವವರೆಗೆ ಇದೆಲ್ಲ ಮುಚ್ಚಿಕೊಂಡು ಕ್ಷೇಮವಾಗಿರುತ್ತದೆ. ಒಸಡು ಒಂದೆರಡು ಮಿಲಿಮೀಟರ್ ಹಿಂದೆ ಸರಿಯಿತೆಂದರೆ ಬ್ರಷ್ಷಿಗೂ ಪೇಸ್ಟಿಗೂ ನೇರವಾಗಿ ಸಿಕ್ಕುವುದು ಆ ಮೃದು ಜಾಗ.

ಕೋರೆಹಲ್ಲಿನ ಬೇರಿನ ಮುಂದೆ ಎಲುಬಿನ ಪದರ ಬಹಳ ತೆಳು. ಕೆಲವರಲ್ಲಿ ಅಲ್ಲಲ್ಲಿ ಎಲುಬೇ ಇರುವುದಿಲ್ಲ. ಅದರ ಮೇಲಿನ ಒಸಡೂ ತೆಳುವಾಗಿದ್ದರೆ, ದಿನಕ್ಕೆರಡು ಬಾರಿ ಗಡುಸಾದ ಎಳೆಗಳು ಕೆರೆಯುತ್ತಿದ್ದಂತೆ ಅದು ಗಾಯವಾಗುತ್ತ, ಮಾಯುತ್ತ, ಕೂದಲೆಳೆಯಷ್ಟೇ ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ನೋವಿರುವುದಿಲ್ಲ, ಹಾಗಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ದಿನ ಕನ್ನಡಿಯಲ್ಲಿ 'ಈ ಹಲ್ಲು ಉಳಿದವಕ್ಕಿಂತ ಉದ್ದವಾಗಿದೆಯಲ್ಲ' ಅನ್ನಿಸುತ್ತದೆ. ಹಲ್ಲು ಬೆಳೆದಿರುವುದಿಲ್ಲ, ಒಸಡು ಸರಿದಿರುತ್ತದೆ. ಸರಿದ ಒಸಡು ತಾನಾಗಿ ಮೊದಲಿನ ಜಾಗಕ್ಕೆ ಬರುವುದಿಲ್ಲ. ಎನಾಮಲ್ಲೂ ಅಷ್ಟೇ: ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಇಲ್ಲವಾಗಿರುತ್ತವೆ, ಸವೆದದ್ದನ್ನು ಮತ್ತೆ ಕಟ್ಟುವವರಿಲ್ಲ.

ಜುಂ ಎನ್ನುವುದು ಎಲ್ಲಿಂದ? ಡೆಂಟಿನ್ನಿನ ತುಂಬ ಸಾವಿರಾರು ಸೂಕ್ಷ್ಮ ನಳಿಕೆಗಳಿವೆ, ಅವುಗಳಲ್ಲಿ ದ್ರವವಿದೆ. ಕಚ್ಚಿನಲ್ಲಿ ಈ ನಳಿಕೆಗಳ ಬಾಯಿ ತೆರೆದುಕೊಂಡಿರುತ್ತದೆ. ತಣ್ಣೀರು ತಾಗಿದೊಡನೆ ಒಳಗಿನ ದ್ರವ ಸರ್ರನೆ ಸರಿದು ನರವನ್ನು ಕೆಣಕುತ್ತದೆ. ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರೋಮ್ 1960ರ ದಶಕದಲ್ಲಿ ತಮ್ಮ ಪ್ರಯೋಗಗಳಿಂದ ಗಟ್ಟಿಗೊಳಿಸಿದ ಈ ವಿವರಣೆಯನ್ನೇ ಇಂದಿಗೂ ಹೆಚ್ಚಿನವರು ಒಪ್ಪುತ್ತಾರೆ.

ಹಾಗಾದರೆ ಸವೆಸಿದ್ದು ಬ್ರಷ್ಷೇ? ಇಲ್ಲೊಂದು ಸೂಕ್ಷ್ಮವಿದೆ. ಬರೀ ನೀರಲ್ಲಿ ಅದ್ದಿದ ನೈಲಾನ್ ಎಳೆ ಎನಾಮಲ್ಲನ್ನು ಲೆಕ್ಕಕ್ಕೆ ಬರುವಷ್ಟು ಸವೆಸಲಾರದು. ಸವೆಸುವುದು ಪೇಸ್ಟಿನಲ್ಲಿರುವ ನುಣ್ಣನೆಯ ಪುಡಿ, ಸಿಲಿಕಾ ಅಥವಾ ಸುಣ್ಣದ ಜಾತಿಯದ್ದು. ಪಾತ್ರೆ ಬೆಳಗುವಾಗ ನಾರಿಗಿಂತ ಬೂದಿಯ ಕೆಲಸ ಹೇಗೆ ಹೆಚ್ಚೋ ಹಾಗೆ. ಬ್ರಷ್ ಆ ಪುಡಿಯನ್ನು ಹಿಡಿದು, ಒತ್ತಿ, ಎಳೆಯುತ್ತದೆ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ಬೆರಳಿಂದ ತಿಕ್ಕಿದವರ ಹಲ್ಲು ಬ್ರಷ್ಷಿಲ್ಲದೆಯೂ ಸವೆದಿರುವುದನ್ನು ಹಳ್ಳಿಗಳ ಹಿರಿಯರಲ್ಲಿ ನಾನು ನೋಡಿದ್ದೇನೆ. ಇದಕ್ಕೆ ಹುಳಿ ಸೇರಿದರೆ ಇನ್ನೂ ಕಷ್ಟ. ನಿಂಬೆ ಪಾನಕ, ಮೋಸಂಬಿ, ಸೋಡಾ ಕುಡಿದ ಮೇಲೆ ಸ್ವಲ್ಪ ಹೊತ್ತು ಎನಾಮಲ್ಲಿನ ಮೇಲ್ಪದರವೇ ಮೆದುವಾಗಿರುತ್ತದೆ. ಆಗ ಬಾಯಿ ಮುಕ್ಕಳಿಸಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು, ತಕ್ಷಣ ಉಜ್ಜಬಾರದು. ಮೇಷ್ಟ್ರು ಬೆಳಗ್ಗೆ ಎದ್ದೊಡನೆ ಬಿಸಿನೀರಿಗೆ ನಿಂಬೆ ಹಿಂಡಿ ಕುಡಿದು, ಲೋಟ ಕೆಳಗಿಟ್ಟು ಬ್ರಷ್ ಎತ್ತಿಕೊಳ್ಳುತ್ತಿದ್ದರು. ರಾತ್ರಿ ಹಲ್ಲು ಕಡಿಯುವವರಲ್ಲೂ ಇಂಥ ಕಚ್ಚು ಬೀಳುತ್ತದೆಯೇ ಎಂಬ ಚರ್ಚೆ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಒಸಡು ಸರಿಯಲು ಒಸಡಿನ ರೋಗ, ಸೊಟ್ಟ ಹಲ್ಲು ಇವೂ ಕಾರಣವಾಗುತ್ತವೆ. ಎಲ್ಲ ಕಚ್ಚನ್ನೂ ಬ್ರಷ್ಷಿನ ತಲೆಗೆ ಕಟ್ಟಲಾಗದು. ಆದರೆ ಹೊಳೆಯುವ ನುಣುಪಾದ ಕಚ್ಚು, ಎಡಗಡೆಗೇ ಹೆಚ್ಚು, ಅಡ್ಡಡ್ಡ ಎಳೆಯುವ ಕೈ, ಗಡುಸು ಬ್ರಷ್, ನಿಂಬೆ ನೀರು: ಇವೆಲ್ಲ ಕೂಡಿದಲ್ಲಿ ನನಗೆ ಸಂಶಯ ಉಳಿಯುವುದಿಲ್ಲ.

ಮೇಷ್ಟ್ರಿಗೆ ನಾನು ಹೇಳಿದ ಮುಖ್ಯ ಮಾತು ಇಷ್ಟೇ. ನಾವು ದಿನವೂ ತೆಗೆಯಬೇಕಾದದ್ದು ಪಾಚಿ. ಉಗುರಿಂದ ಗೀರಿದರೆ ಬರುವ, ಬಿಳಿಯ, ಅಂಟಂಟಾದ ಪದರ. ಅದರ ತುಂಬ ಬ್ಯಾಕ್ಟೀರಿಯಾ. ಅದು ಕೆನೆಯಷ್ಟು ಮೆತ್ತಗೆ. ಅದೇ ಪಾಚಿ ಎಂಜಲಿನ ಸುಣ್ಣ ಹೀರಿ ಕಿಟ್ಟವಾದರೆ ಕಲ್ಲಿನಷ್ಟು ಗಟ್ಟಿ. ಅದು ಎಂಥ ಗಡುಸು ಬ್ರಷ್ಷಿಗೂ ಬರುವುದಿಲ್ಲ, ನಮ್ಮ ಉಪಕರಣವೇ ಬೇಕು. ಬರುವಂಥದ್ದಕ್ಕೆ ಬಲ ಬೇಡ, ಬಲ ಬೇಕಾದದ್ದು ಬ್ರಷ್ಷಿಗೆ ಬರುವುದೇ ಇಲ್ಲ.

ಅವರ ಹಳೆ ಬ್ರಷ್ ತರಿಸಿ ನೋಡಿದೆ. ಒಂದೂವರೆ ತಿಂಗಳಿಗೇ ಎಳೆಗಳು ಎರಡೂ ಪಕ್ಕಕ್ಕೆ ಹಳೆ ಪೊರಕೆಯಂತೆ ಹರಡಿಕೊಂಡಿದ್ದವು. ಅಡುಗೆಮನೆಯ ಡಿಜಿಟಲ್ ತಕ್ಕಡಿಯೊಂದು ಚಿಕಿತ್ಸಾಲಯದಲ್ಲಿದೆ. ಅದರ ಮೇಲೆ ಹೊಸ ಬ್ರಷ್ ಇಟ್ಟು, ಮನೆಯಲ್ಲಿ ಒತ್ತುವಷ್ಟೇ ಒತ್ತಿ ಅಂದೆ. 480 ಗ್ರಾಂ ತೋರಿಸಿತು. ಬೇಕಾದದ್ದು 150ರಿಂದ 200. ಎಳೆಗಳನ್ನು ನೋಡಿ ಅಂದೆ: ಅಷ್ಟು ಒತ್ತಿದಾಗ ಎಲ್ಲವೂ ಮಡಚಿ ಮಲಗಿದ್ದವು. ಸ್ವಚ್ಛ ಮಾಡುವುದು ಎಳೆಯ ತುದಿ. ಮಲಗಿದ ಎಳೆ ಹಲ್ಲಿನ ಉಬ್ಬನ್ನು ಬೆನ್ನಿಂದ ಸವರುತ್ತದೆ, ಒಸಡಿನಂಚಿನ ಸಂದಿಗೆ, ಎರಡು ಹಲ್ಲುಗಳ ನಡುವಿನ ತಗ್ಗಿಗೆ ತುದಿ ಹೋಗುವುದೇ ಇಲ್ಲ.

ಬ್ರಷ್ಷಿನ ಗಡುಸುತನ ಮುಖ್ಯವಾಗಿ ಎಳೆಯ ದಪ್ಪ ಮತ್ತು ಉದ್ದದ ವಿಷಯ. ಸಾಫ್ಟ್ ಬ್ರಷ್ಷಿನ ಎಳೆ ಸುಮಾರು 0.2 ಮಿಲಿಮೀಟರ್, ಮೀಡಿಯಂ 0.3, ಹಾರ್ಡ್ 0.4. ಅಂತರ ಕಣ್ಣಿಗೆ ಕಾಣದಷ್ಟು, ಆದರೆ ಪರಿಣಾಮ ದೊಡ್ಡದು. ಎಳೆಯ ದಪ್ಪ ಎರಡು ಪಟ್ಟಾದರೆ ಅದನ್ನು ಬಗ್ಗಿಸಲು ಹದಿನಾರು ಪಟ್ಟು ಬಲ ಬೇಕು. ಅದೇ ತೂತಿನಲ್ಲಿ ದಪ್ಪ ಎಳೆಗಳು ಕಾಲು ಭಾಗದಷ್ಟೇ ಹಿಡಿಯುವುದರಿಂದ ಇಡೀ ಬ್ರಷ್ ನಾಲ್ಕು ಪಟ್ಟು ಗಡುಸಾಗುತ್ತದೆ. ಎಲ್ಲರಿಗೂ ನಾನು ಹೇಳುವುದು ಸಾಫ್ಟ್. ಒಸಡಿನ ಆಪರೇಷನ್ ಆದವರಿಗೆ ಕೆಲವು ವಾರ ಇನ್ನೂ ಮೆತ್ತನೆಯದು. ತುದಿ ದುಂಡಗೆ ಮಾಡಿದ್ದಿರಬೇಕು. ಕತ್ತರಿಸಿ ಬಿಟ್ಟ ತುದಿ ಒಸಡನ್ನು ಗೀರುತ್ತದೆ. ಆದರೆ ಸಾಫ್ಟ್ ತಂದುಕೊಂಡೆ, ಇನ್ನು ಎಷ್ಟು ಒತ್ತಿದರೂ ನಡೆಯುತ್ತದೆ ಎಂದುಕೊಳ್ಳಬೇಡಿ. ಸಾಫ್ಟ್ ಎಳೆ ಒಸಡನ್ನು ಉಳಿಸುತ್ತದೆ ನಿಜ, ಡೆಂಟಿನ್ನನ್ನು ತಾನಾಗಿ ಉಳಿಸದು. ಒತ್ತ ಎಳೆಗಳು ಪೇಸ್ಟನ್ನು ಹೆಚ್ಚು ಹಿಡಿದಿಟ್ಟು, ಬಾಗಿ, ಹೆಚ್ಚು ಜಾಗಕ್ಕೆ ಸವರುವುದರಿಂದ ಒತ್ತಿ ಉಜ್ಜಿದರೆ ಅದರಲ್ಲೂ ಡೆಂಟಿನ್ ಸವೆಯುತ್ತದೆಂದು ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. ಬ್ರಷ್ ಬದಲಿಸಿದರೆ ಸಾಲದು, ಕೈಯೂ ಬದಲಾಗಬೇಕು.

ಕೈಗೆ ಕಲಿಸಬೇಕಾದ ಚಲನೆ ಅಮೆರಿಕದ ನ್ಯೂ ಆರ್ಲಿಯನ್ಸಿನ ಚಾರ್ಲ್ಸ್ ಬಾಸ್ ಅವರದು. ಅವರು ದಂತವೈದ್ಯರಲ್ಲ, ಮಲೇರಿಯಾ ಮತ್ತು ಕೊಕ್ಕೆಹುಳುವಿನ ಮೇಲೆ ಕೆಲಸ ಮಾಡಿದ ವೈದ್ಯರು. ಟುಲೇನ್ ವಿಶ್ವವಿದ್ಯಾಲಯದಿಂದ ನಿವೃತ್ತರಾದ ಮೇಲೆ ಹಲ್ಲುಗಳ ಕಡೆ ತಿರುಗಿ, ಒಸಡಿನಂಚಿನ ಪಾಚಿಯೇ ರೋಗದ ಮೂಲವೆಂದು ಕಂಡು, 1948ರಲ್ಲಿ ಉಜ್ಜುವ ಕ್ರಮವೊಂದನ್ನು ಪ್ರಕಟಿಸಿದರು.

ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಪೆನ್ನು ಹಿಡಿದಂತೆ ಬೆರಳುಗಳಲ್ಲಿ ಹಿಡಿಯಿರಿ. ಒತ್ತಡ ಅಲ್ಲೇ ಅರ್ಧ ಇಳಿಯುತ್ತದೆ. ಎಳೆಗಳನ್ನು ಒಸಡಿನ ಕಡೆಗೆ ಓರೆಯಾಗಿ, 45 ಡಿಗ್ರಿಯಲ್ಲಿ, ಅರ್ಧ ಹಲ್ಲಿನ ಮೇಲೆ ಅರ್ಧ ಒಸಡಿನಂಚಿನ ಮೇಲೆ ಇಡಿ. ತುದಿಗಳು ಸಂದಿಗೆ ಇಳಿದದ್ದು ಗೊತ್ತಾಗುತ್ತದೆ, ಒಸಡು ತುಸು ಬಿಳುಪೇರುತ್ತದೆ. ಈಗ ಎಳೆಯ ತುದಿ ಕೂತ ಜಾಗ ಬಿಟ್ಟು ಕದಲದ ಹಾಗೆ, ಬರೀ ಹಿಡಿಯನ್ನು ಹಿಂದೆ ಮುಂದೆ ನಡುಗಿಸಿ. ಹತ್ತು ಹದಿನೈದು ಸಲ, ಎರಡು ಮೂರು ಹಲ್ಲಿಗೆ ಒಮ್ಮೆ. ಆಮೇಲೆ ಮಣಿಕಟ್ಟು ತಿರುಗಿಸಿ ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಒಮ್ಮೆ ಉರುಳಿಸಿ, ಮುಂದಿನ ಗುಂಪಿಗೆ ಹೋಗಿ. ಮುಂದಿನ ಹಲ್ಲುಗಳ ಒಳಬದಿಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿಕೊಳ್ಳಬೇಕು. ಅಗಿಯುವ ಮೇಲ್ಮೈ ಮೇಲೆ ಮಾತ್ರ ಹಿಂದೆ ಮುಂದೆ ಎಳೆದರೆ ಅಡ್ಡಿಯಿಲ್ಲ. ಎಲ್ಲ ಸೇರಿ ಎರಡು ನಿಮಿಷ ಸಾಕು, ಪೇಸ್ಟ್ ಬಟಾಣಿ ಕಾಳಿನಷ್ಟು.

ಮೇಷ್ಟ್ರ ಬಾಯಲ್ಲಿ ಇನ್ನೊಂದು ವಿಷಯ ಕಂಡಿತ್ತು, ಅದು ನನಗೆ ಕಚ್ಚಿಗಿಂತ ಹೆಚ್ಚು ಚಿಂತೆ ತಂದದ್ದು. ಕೆಳಗಿನ ಬಾಚಿಹಲ್ಲುಗಳ ಒಳಬದಿಯಲ್ಲಿ ಕಿಟ್ಟ ಕಟ್ಟಿ, ಸಲಾಕೆ ತಾಗಿಸಿದರೆ ಒಸಡಿಂದ ರಕ್ತ ಬರುತ್ತಿತ್ತು. ಹೊರಗಡೆ ಡೆಂಟಿನ್ ಸವೆಯುವಷ್ಟು ಉಜ್ಜಿದ ಕೈ, ಒಳಗಡೆಯನ್ನು ಮುಟ್ಟಿಯೇ ಇರಲಿಲ್ಲ. ಒತ್ತಿ ಉಜ್ಜುವವರ ಬಾಯಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ.

ಕಿಟ್ಟ ತೆಗೆದೆವು. ಒಂದು ಮಿಲಿಮೀಟರ್‌ಗಿಂತ ಆಳವಿದ್ದ ಕೋರೆಹಲ್ಲಿನ ಕಚ್ಚಿಗೆ ಹಲ್ಲಿನ ಬಣ್ಣದ ಸಿಮೆಂಟು ತುಂಬಿದೆ. ಉಳಿದೆರಡಕ್ಕೆ ನಳಿಕೆ ಮುಚ್ಚುವ ಫ್ಲೋರೈಡ್ ಲೇಪ. ನಿಂಬೆ ನೀರು ಉಜ್ಜಿದ ನಂತರಕ್ಕೆ ಹೋಯಿತು. ಮನೆಯ ತಕ್ಕಡಿಯ ಮೇಲೆ ವಾರಕ್ಕೊಮ್ಮೆ ಬ್ರಷ್ ಒತ್ತಿ ನೋಡಿ, ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದುಕೊಂಡರು. ಮೊದಲ ವಾರ 390, ಆಮೇಲೆ 310, 220. ಮೂರು ತಿಂಗಳಿಗೆ ಬಂದಾಗ ಬ್ರಷ್ಷನ್ನೂ ಜೇಬಲ್ಲಿ ತಂದಿದ್ದರು. ಎಳೆಗಳು ನೆಟ್ಟಗೇ ನಿಂತಿದ್ದವು. ಒಳಬದಿಯ ರಕ್ತ ನಿಂತಿತ್ತು. ತಣ್ಣೀರು ಕುಡಿಸಿ ನೋಡಿದೆ, ಹುಬ್ಬು ಗಂಟಿಕ್ಕಲಿಲ್ಲ. ಕೋರೆಹಲ್ಲಿನ ಒಸಡು ಮಾತ್ರ ಎಲ್ಲಿಗೆ ಸರಿದಿತ್ತೋ ಅಲ್ಲೇ ಇದೆ. ಅದರ ಅಳತೆಯನ್ನು ಮಿಲಿಮೀಟರಿನಲ್ಲಿ ಅವರ ಕಾರ್ಡಿನ ಮೇಲೆ ಬರೆದಿಟ್ಟಿದ್ದೇನೆ. ಆರು ತಿಂಗಳಿಗೊಮ್ಮೆ ಅದೇ ಸಂಖ್ಯೆ ಬರಬೇಕು.