ಅಜ್ಜಿಯ ಟ್ರಂಕಿನಲ್ಲಿದ್ದ ಕೆಂಪು ಹತ್ತು ರೂಪಾಯಿ

ಕುಂದಾಪುರದ ಹತ್ತಿರ ನಮ್ಮ ಹಳೇ ಮನೆಯ ಹೆಂಚು ತೆಗೆಸುವಾಗ ಅಟ್ಟದ ಸಾಮಾನೆಲ್ಲ ಕೆಳಗಿಳಿಯಿತು. ಅದರಲ್ಲಿ ಅಜ್ಜಿಯ ತಗಡಿನ ಟ್ರಂಕೂ ಇತ್ತು. ಮದುವೆ ಸೀರೆಯ ಅಡಿಯಲ್ಲಿ, ಹಳದಿಗಟ್ಟಿದ ಪಂಚಾಂಗವೊಂದರ ಹಾಳೆಗಳ ನಡುವೆ, ಎರಡು ಬಗೆಯ ನೋಟುಗಳು ಸಿಕ್ಕವು. ಒಂದು, ದಾರ ಸುತ್ತಿದ 47 ನೋಟುಗಳ ಕಟ್ಟು. ಅಜ್ಜಿಯ ಅಪ್ಪ ರಂಗೂನಿನಲ್ಲಿ ಅಂಗಡಿ ಲೆಕ್ಕ ಬರೆಯುತ್ತಿದ್ದವರು, ಯುದ್ಧ ಮುಗಿದ ಮೇಲೆ ಊರಿಗೆ ಬರುವಾಗ ತಂದದ್ದು. ಇನ್ನೊಂದು, ಒಂಟಿಯಾಗಿ ಮಡಚಿಟ್ಟಿದ್ದ ಹತ್ತು ರೂಪಾಯಿಯ ನೋಟು. ನೋಡಿದರೆ ಅಚ್ಚು ನಮ್ಮ ರಿಸರ್ವ್ ಬ್ಯಾಂಕಿನದೇ. ಅಶೋಕ ಸ್ತಂಭ ಇದೆ, ಹಿಂಬದಿಯಲ್ಲಿ ಹಾಯಿಹಡಗು ಇದೆ. ಆದರೆ ಬಣ್ಣ ಕೆಂಪು.

ಮನೆಯವರ ಕಣ್ಣೆಲ್ಲ ದಪ್ಪ ಕಟ್ಟಿನ ಮೇಲೆ. ಕೆಂಪು ನೋಟನ್ನು ಅಜ್ಜಿಯೇ ಪಕ್ಕಕ್ಕೆ ಸರಿಸಿದರು. “ಅದ್ ನಡೂದಿಲ್ಲ ಮಗಾ, ಯಾರೂ ತಕಂತಿಲ್ಲ.” ಅಜ್ಜಯ್ಯ ಬಹರೈನಿನಿಂದ ತಂದುಕೊಟ್ಟಿದ್ದ ಅದನ್ನು ಅಜ್ಜಿ ಒಮ್ಮೆ ಪೇಟೆಯ ಅಂಗಡಿಗೆ ಒಯ್ದಿದ್ದರಂತೆ. ಆಗ ಊರಲ್ಲಿ ಓಡಾಡುತ್ತಿದ್ದ ಹತ್ತರ ನೋಟು ನೇರಳೆ ಬಣ್ಣದ್ದು. ಕೆಂಪನ್ನು ಕಂಡ ಅಂಗಡಿಯವನು ಖೋಟಾ ನೋಟೆಂದು ಹಿಂದಕ್ಕೆ ಕೊಟ್ಟನಂತೆ.

ಎರಡನ್ನೂ ನಾನು ಮಂಗಳೂರಿನ ಒಬ್ಬ ಹಿರಿಯ ಸಂಗ್ರಾಹಕರ ಬಳಿ ಒಯ್ದೆ. ಕಟ್ಟನ್ನು ಅವರು ಇಸ್ಪೀಟೆಲೆಯಂತೆ ಒಮ್ಮೆ ಬಿಡಿಸಿ ನೋಡಿ ಕೆಳಗಿಟ್ಟರು. ಎರಡನೇ ಮಹಾಯುದ್ಧದಲ್ಲಿ ಬರ್ಮಾವನ್ನು ಹಿಡಿದ ಜಪಾನ್ ಸರ್ಕಾರ 1942ರಿಂದ ಅಲ್ಲಿ ಹಂಚಿದ ನೋಟುಗಳವು. ರೂಪಾಯಿ ಎಂದೇ ಬರೆದಿದೆ, ಜಪಾನ್ ಸರ್ಕಾರದ ಹೆಸರು ಇಂಗ್ಲಿಷಿನಲ್ಲಿದೆ. ಆದರೆ ಎಲ್ಲ ನೋಟಿನಲ್ಲೂ ಇರಬೇಕಾದದ್ದೊಂದು ಇಲ್ಲ: ಕ್ರಮಸಂಖ್ಯೆ. ಅದರ ಜಾಗದಲ್ಲಿ ಬರೀ ಅಕ್ಷರಗಳು, ಬರ್ಮಾದ್ದಾದರೆ ‘ಬಿ’ಯಿಂದ ಶುರು, ಮಲಯದ್ದಾದರೆ ‘ಎಂ’ನಿಂದ. ಮಲಯದ ಹತ್ತು ಡಾಲರಿನ ಮೇಲೆ ಬಾಳೆಗಿಡದ ಚಿತ್ರವಿದ್ದದ್ದರಿಂದ ಅಲ್ಲಿಯವರು ಅದನ್ನು ಬಾಳೆಹಣ್ಣಿನ ದುಡ್ಡು ಎಂದೇ ಕರೆದರು. ನೋಟುಗಳಿಗೆ ಸಂಖ್ಯೆ ಹಾಕದವರು ಎಷ್ಟು ಅಚ್ಚು ಹಾಕಿದೆವು ಎಂಬ ಲೆಕ್ಕವನ್ನು ಯಾರಿಗೂ ಒಪ್ಪಿಸಬೇಕಿರಲಿಲ್ಲ. ಬೆಲೆಗಳು ಏರಿದವು, ನೋಟುಗಳು ಇನ್ನೂ ಹೆಚ್ಚಿದವು. 1945ರಲ್ಲಿ ಬ್ರಿಟಿಷರು ಮರಳಿದಾಗ ಈ ದುಡ್ಡಿಗೆ ಬೆಲೆಯಿಲ್ಲ ಎಂದುಬಿಟ್ಟರು. ಮೂರು ವರ್ಷದ ದುಡಿಮೆ ಕೈಯಲ್ಲೇ ಕಾಗದವಾಯಿತು.

ಬದಲಿಸಿಕೊಡುವವರು ಯಾರೂ ಇಲ್ಲದ ಮೇಲೆ ಜನ ಅದನ್ನು ಎಲ್ಲಿಗೆ ಹಿಂದಿರುಗಿಸಬೇಕು? ಪೆಟ್ಟಿಗೆಯಲ್ಲಿಟ್ಟರು. ಹಾಗಾಗಿ ಇವತ್ತಿಗೂ ಅವು ಕಟ್ಟುಕಟ್ಟಾಗಿ ಸಿಗುತ್ತವೆ. ನಮ್ಮ ನೋಟಿಗೆ ಅವರು ಹೇಳಿದ ಬೆಲೆ ಒಂದಕ್ಕೆ ಇಪ್ಪತ್ತು ರೂಪಾಯಿ.

ಕೆಂಪು ನೋಟನ್ನು ಮಾತ್ರ ಅವರು ಬೆರಳಿನಿಂದ ಮುಟ್ಟಲಿಲ್ಲ. ಚಿಮಟದಲ್ಲಿ ಎತ್ತಿ ದೀಪದ ಅಡಿ ಹಿಡಿದು ಮೊದಲು ಸಂಖ್ಯೆ ಓದಿದರು. ‘ಝೆಡ್’ನಿಂದ ಶುರುವಾಗಿತ್ತು. “ಇದು ಗಲ್ಫ್ ರೂಪಾಯಿ” ಎಂದರು.

ಸ್ವಾತಂತ್ರ್ಯ ಬಂದ ಮೇಲೂ ಕುವೈತ್, ಬಹರೈನ್, ಕತಾರ್, ದುಬೈ ಕಡೆಯೆಲ್ಲ ನಮ್ಮ ರೂಪಾಯಿಯೇ ಚಲಾವಣೆಯಲ್ಲಿತ್ತು. ಚಿನ್ನದ ಕಳ್ಳಸಾಗಣೆದಾರರು ಇದನ್ನು ಬಳಸಿಕೊಂಡರು. ಇಲ್ಲಿಂದ ನೋಟಿನ ಕಂತೆ ಕದ್ದು ಒಯ್ದು ಅಲ್ಲಿ ಚಿನ್ನ ಕೊಂಡು ತರುವುದು ಅವರ ದಾರಿ. ಆ ನೋಟುಗಳು ಅಲ್ಲಿನ ಬ್ಯಾಂಕುಗಳ ಮೂಲಕ ರಿಸರ್ವ್ ಬ್ಯಾಂಕಿಗೆ ಮರಳಿದಾಗ ನಾವು ಬದಲಿಗೆ ಪೌಂಡ್ ಕೊಡಬೇಕಾಗುತ್ತಿತ್ತು. ದೇಶದ ವಿದೇಶಿ ವಿನಿಮಯ ಹೀಗೆ ಸೋರುವುದನ್ನು ತಡೆಯಲು 1959ರಲ್ಲಿ ಗಲ್ಫಿಗೆಂದೇ ಬೇರೆ ನೋಟು ಹೊರಟಿತು. ವಿನ್ಯಾಸ ಅದೇ, ಬಣ್ಣ ಬೇರೆ: ಒಂದು ಮತ್ತು ಹತ್ತು ರೂಪಾಯಿ ಕೆಂಪು, ಐದು ಕಿತ್ತಳೆ, ನೂರು ಹಸಿರು. ಅಲ್ಲಿ ನಡೆಯುವುದು ಇಲ್ಲಿ ನಡೆಯದು. ಅಂಗಡಿಯವನು ನೋಟನ್ನು ಮರಳಿಸಿದ್ದು ಸರಿಯೇ, ಖೋಟಾ ಎಂದದ್ದು ಮಾತ್ರ ತಪ್ಪು.

ಮುಂದೆ 1961ರಲ್ಲಿ ಕುವೈತ್, 1965ರಲ್ಲಿ ಬಹರೈನ್ ತಮ್ಮದೇ ದಿನಾರ್ ತಂದವು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯನ್ನು ಅಪಮೌಲ್ಯ ಮಾಡಿದ ಮೇಲೆ ಉಳಿದವರಲ್ಲಿ ಹೆಚ್ಚಿನವರೂ ಬಿಟ್ಟರು. ಬಿಟ್ಟಾಗಲೆಲ್ಲ ಜನರ ಕೈಯ ನೋಟಿಗೆ ಹೊಸ ಹಣ ಕೊಟ್ಟು ಹಳೆಯದನ್ನು ವಾಪಸು ಪಡೆಯಲಾಯಿತು. ಕೊಟ್ಟ ಮಾತು ಉಳಿಸಿಕೊಂಡ ನೋಟು ಇದು, ಅದಕ್ಕೇ ಉಳಿದದ್ದು ಸ್ವಲ್ಪ. ಮಾತು ತಪ್ಪಿದ ನೋಟು ಪೆಟ್ಟಿಗೆ ತುಂಬ ಇದೆ. ಹಳೇ ನೋಟಿನ ಬೆಲೆ ಅದರ ವಯಸ್ಸಿನದಲ್ಲ, ಎಷ್ಟು ಉಳಿದಿವೆ ಎಂಬುದರದು ಎಂದು ನನಗೆ ಅರ್ಥವಾದದ್ದು ಆ ಮೇಜಿನ ಮುಂದೆ. ನಮ್ಮ ಎರಡರಲ್ಲಿ ಹಳೆಯದು ಬರ್ಮಾದ್ದೇ ಅಲ್ಲವೇ?

ಬಣ್ಣವೊಂದನ್ನೇ ನಂಬಬಾರದೆಂದೂ ಅವರು ಹೇಳಿದರು. ರಾಸಾಯನಿಕ ತಾಗಿಸಿ ಸಾಧಾರಣ ನೋಟಿನ ಬಣ್ಣ ಕೆಡಿಸಿ ಮಾರುವವರಿದ್ದಾರೆ. ಬಣ್ಣ ಮತ್ತು ಝೆಡ್ ಎರಡೂ ಕೂಡಿ ಬರಬೇಕು. ಆಮೇಲೆ ಭೂತಗನ್ನಡಿ ಹಿಡಿದು ತೋರಿಸಿದರು. ಅಸಲಿ ನೋಟಿನ ಅಲಂಕಾರ ಕೂದಲಿನಂಥ ಬಿಡದ ಗೆರೆಗಳಿಂದ ಆಗಿರುತ್ತದೆ, ಕಂಪ್ಯೂಟರಿನಲ್ಲಿ ತೆಗೆದ ನಕಲಿನಲ್ಲಿ ಗೆರೆ ಒಡೆದು ಬಣ್ಣದ ಚುಕ್ಕೆಗಳಾಗಿ ಕಾಣುತ್ತದೆ.

ನಮ್ಮ ನೋಟಿಗೆ ಮೂರು ಮಡಿಕೆ, ಎಡಗಡೆ ಗುಂಡುಸೂಜಿಯ ಎರಡು ತೂತು, ಸುತ್ತ ತುಕ್ಕಿನ ಕಲೆ. ಬೆಲೆ ಹದಿನೈದು ಸಾವಿರ ಎಂದರು. ಮಡಿಕೆಯೇ ಬೀಳದ ನೋಟಾಗಿದ್ದರೆ ಇದರ ಹಲವು ಪಟ್ಟು. ಆಗ ನನಗೆ ಒಂದು ಹಳೇ ಸಂಗತಿ ನೆನಪಾಗಿ ಹೊಟ್ಟೆ ಉರಿಯಿತು. ಇದರ ಜೊತೆಗಿದ್ದ ಕೆಂಪು ಒಂದು ರೂಪಾಯಿಯನ್ನು ತಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆಂದು ಲ್ಯಾಮಿನೇಷನ್ ಮಾಡಿಸಿದ್ದ. ಬಿಸಿಗೆ ಕರಗಿದ ಅಂಟು ಕಾಗದದ ಎಳೆಗೆ ಸೇರಿಹೋಗುತ್ತದೆ, ಬಿಡಿಸಲು ಹೋದರೆ ಅಚ್ಚೂ ಕಿತ್ತು ಬರುತ್ತದೆ. ಇಸ್ತ್ರಿ ಮಾಡುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಸೆಲ್ಲೋಟೇಪ್ ಅಂಟಿಸುವುದು ಎಲ್ಲವೂ ಹೀಗೆಯೇ ಬೆಲೆ ತಗ್ಗಿಸುತ್ತವೆ. ಸಿಕ್ಕ ನೋಟನ್ನು ಸಿಕ್ಕ ಹಾಗೇ ಇಡಬೇಕು.

2024ರ ಕೊನೆಯಲ್ಲಿ ಲಂಡನ್ನಿನ ಹರಾಜಿನಲ್ಲಿ ನೂರು ರೂಪಾಯಿಯ ಹಜ್ ನೋಟು ಸುಮಾರು 56 ಲಕ್ಷಕ್ಕೆ ಹೋದ ಸುದ್ದಿಯನ್ನು ಹಲವರು ಓದಿರಬಹುದು. ಅದು ಗಲ್ಫ್ ನೋಟಿನ ದಾಯಾದಿ, ಹಜ್ ಯಾತ್ರಿಕರಿಗೆಂದು ಅಚ್ಚಾದದ್ದು, ಸಂಖ್ಯೆ ‘ಎಚ್‌ಎ’ಯಿಂದ ಶುರುವಾಗುತ್ತದೆ. ಅಂಥ ಸುದ್ದಿ ಬಂದ ಕೂಡಲೇ ಮೋಸಗಾರರ ಫೋನುಗಳೂ ಬರುತ್ತವೆ. ನಿಮ್ಮ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ, ತೆರಿಗೆ ಕಟ್ಟಿ ಎನ್ನುತ್ತಾರೆ. ರಿಸರ್ವ್ ಬ್ಯಾಂಕ್ ತನ್ನ ಹೆಸರಿನಲ್ಲಿ ನಡೆಯುವ ಈ ಮೋಸದ ಬಗ್ಗೆ 2021ರಲ್ಲೇ ಎಚ್ಚರಿಸಿದೆ. ಕೊಳ್ಳುವವನು ದುಡ್ಡು ಕೊಡುತ್ತಾನೆ, ಕೇಳುವುದಿಲ್ಲ.

ಬರ್ಮಾದ ಕಟ್ಟನ್ನು ಮನೆಯ ಮೊಮ್ಮಕ್ಕಳಿಗೆಲ್ಲ ಒಂದೊಂದು ಹಂಚಿದೆವು. ಕೆಂಪು ನೋಟನ್ನು ಮಾರಲು ಅಜ್ಜಿ ಒಪ್ಪಲಿಲ್ಲ. ಸಂಗ್ರಾಹಕರು ಕೊಟ್ಟ ಪಾರದರ್ಶಕ ಹೊದಿಕೆಗೆ ಸೇರಿಸಿ, ಒಂದು ಚೀಟಿಯಲ್ಲಿ ಯಾರು ತಂದದ್ದು, ಎಲ್ಲಿಂದ, ಯಾವಾಗ ಎಂದು ಬರೆದೆ. ಮುಂದೆ ಕೊಳ್ಳುವವರು ಯಾರಾದರೂ ಬಂದರೆ ಆ ಮಾಹಿತಿಯನ್ನೇ ಮೊದಲು ಕೇಳುತ್ತಾರೆ. ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದೆ. 1964ರಲ್ಲಿ ಅಜ್ಜಯ್ಯ ತಂದರು ಎಂಬಲ್ಲಿ ತಡೆದರು. 64 ಅಲ್ಲ, 63ರ ದೀಪಾವಳಿಗೆ ಬಂದದ್ದು ಎಂದರು. ತಿದ್ದಿ, ಚೀಟಿಯನ್ನು ನೋಟಿನ ಹಿಂದೆ ಇಟ್ಟೆ.