ಗುಂಪು ಒಂದೇ, ಆದರೂ ರಕ್ತ ಹೊಂದಲಿಲ್ಲ

"ಹಕೀಮ್ ಸಾಹೇಬ್ರೇ, ಇಬ್ಬರದೂ ಬಿ ಪಾಸಿಟಿವ್. ನನ್ನ ರಕ್ತ ಅವಳಿಗೆ ಯಾಕೆ ಬೇಡ ಅಂದರು?" ಎಂದು ಮೂರು ಮಕ್ಕಳ ತಂದೆಯೊಬ್ಬರು ಕೇಳಿದರು.

ಹೆರಿಗೆಯಲ್ಲಿ ಮಗುವಿನ ರಕ್ತಕಣಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ಅವುಗಳ ಮೇಲೆ ತಂದೆಯಿಂದ ಬಂದ 'ಇ' ಎಂಬ ಗುರುತಿದ್ದು, ತಾಯಿಗೆ ಅದಿಲ್ಲದಿದ್ದರೆ, ಅವಳಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟಬಹುದು. ಗುಂಪಿನ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ಅಂಥ ರಕ್ತ ಏರಿಸಿದರೆ ಆ ಕಣಗಳು ಒಡೆಯುತ್ತವೆ.

ಆದ್ದರಿಂದ ರಕ್ತನಿಧಿಯಲ್ಲಿ ಆಕೆಯ ಪ್ಲಾಸ್ಮಾವನ್ನು, ಗುರುತುಗಳು ಮೊದಲೇ ಗೊತ್ತಿರುವ ಎರಡು-ಮೂರು ಬಗೆಯ 'ಓ' ಗುಂಪಿನ ಕಣಗಳಿಗೆ ಬೆರೆಸಿ 37 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ಕಣ ತೊಳೆದು, ಕೂಂಬ್ಸ್ ದ್ರಾವಣ ಹಾಕಿದಾಗ ಗಂಟುಕಟ್ಟಿದರೆ ಪ್ರತಿಕಾಯವಿದೆ ಎಂದರ್ಥ. ಅದು ಯಾವುದೆಂದು ತಿಳಿದು, 'ಇ' ಇಲ್ಲದ ರಕ್ತ ಹುಡುಕುತ್ತಾರೆ. ಆ ದಾನಿಯ ಕಣಗಳನ್ನೂ ಆಕೆಯ ಪ್ಲಾಸ್ಮಾಗೆ ಹೀಗೇ ಬೆರೆಸಿ ನೋಡುವುದೇ ಕ್ರಾಸ್ ಮ್ಯಾಚ್.

ಹಳೆಯ ಪ್ರತಿಕಾಯ ಕಡಿಮೆಯಾಗಿ ಪರೀಕ್ಷೆಗೆ ಸಿಗದಿರುವುದೂ ಉಂಟು. ಆಗ ರಕ್ತ ಏರಿಸಿ ಕೆಲವು ದಿನಗಳ ಮೇಲೆ ಜ್ವರ, ಕಾಮಾಲೆ ಬರಬಹುದು. ಹಿಂದಿನ ಹೆರಿಗೆ, ಹಿಂದೆ ಏರಿಸಿದ ರಕ್ತದ ವಿಷಯ ಕೇಳುವುದು ಇದಕ್ಕೇ.